ನಡು ಮಧ್ಯಾಹ್ನದ ಮೂರು ಸಾಲು

ಬಹಾಯಿ ಧರ್ಮ ಅಂದ ಕೂಡಲೇ ನಮ್ಮ ಕಡೆ ಜನರಿಗೆ ನೆನಪಾಗುವುದು ದೆಹಲಿಯ ಕಮಲದ ಆಕಾರದ ಮಂದಿರ. ಪ್ರವಾಸಕ್ಕೆ ಹೋದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದಿರುತ್ತಾರೆ. ಒಳಗೆ ಮೂರ್ತಿ ಇಲ್ಲ, ಪೂಜಾರಿ ಇಲ್ಲ, ಹಾಗಾದರೆ ಇವರು ಮಾಡುವುದಾದರೂ ಏನು ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ಇವತ್ತಿನ ಸಂಜೆ ಸಾಲುವುದಿಲ್ಲ. ಒಬ್ಬ ಬಹಾಯಿ ದಿನಕ್ಕೊಮ್ಮೆ ಮಾಡುವ ಒಂದು ಸಣ್ಣ ಕೆಲಸವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಅದರ ಹೆಸರು ಚಿಕ್ಕ ಕಡ್ಡಾಯ ಪ್ರಾರ್ಥನೆ. ಇರುವುದು ಮೂರೇ ವಾಕ್ಯ. ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ ಹಿಡಿಯುವುದಿಲ್ಲ.

ಬಹಾಯಿಗಳಿಗೆ ಪ್ರಾರ್ಥನೆಗಳು ಬಹಳ ಇವೆ. ಮಕ್ಕಳಿಗೆ, ಕಾಯಿಲೆಗೆ, ಮದುವೆಗೆ, ತೀರಿಹೋದವರಿಗೆ, ಹೀಗೆ. ಅವನ್ನು ಯಾವಾಗ ಬೇಕಾದರೂ ಹೇಳಬಹುದು, ಕೂತು ಹೇಳಬಹುದು, ನಾಲ್ಕು ಜನ ಸೇರಿ ಹಾಡಬಹುದು. ಕಡ್ಡಾಯ ಪ್ರಾರ್ಥನೆ ಬೇರೆ. ಅದು ದಿನದ ಲೆಕ್ಕದ್ದು, ಅದಕ್ಕೆ ನಿಯಮ ಇದೆ. ಈ ಧರ್ಮವನ್ನು ಸ್ಥಾಪಿಸಿದ ಬಹಾವುಲ್ಲಾ ಇಂಥ ಪ್ರಾರ್ಥನೆ ಮೂರು ಕೊಟ್ಟಿದ್ದಾರೆ. ದೊಡ್ಡದನ್ನು 24 ಗಂಟೆಗೆ ಒಮ್ಮೆ ಹೇಳಬೇಕು. ನಡುವಿನದನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಸಲ. ಚಿಕ್ಕದನ್ನು 24 ಗಂಟೆಗೆ ಒಂದೇ ಸಲ, ಮಧ್ಯಾಹ್ನ. ಮೂರನ್ನೂ ಮಾಡಬೇಕಾಗಿಲ್ಲ. ಯಾವುದಾದರೂ ಒಂದನ್ನು ಆರಿಸಿಕೊಂಡರೆ ಆಯಿತು. ಇವತ್ತು ಚಿಕ್ಕದು ಹೇಳಿದವರು ನಾಳೆ ದೊಡ್ಡದು ಹೇಳಬಹುದು. ಹದಿನೈದು ವರ್ಷ ತುಂಬಿದವರಿಗೆ ಇದು ಕಡ್ಡಾಯ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮಾಜಿನ ಒಂದು ಸುತ್ತಿಗೆ ರಕಅತ್ ಅನ್ನುತ್ತಾರೆ, ನಮ್ಮೂರಲ್ಲಿ ಅದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಬಹಾವುಲ್ಲಾ ಅವರ ನಿಯಮಗಳ ಗ್ರಂಥ ಕಿತಾಬ್-ಎ-ಅಕ್ದಸ್, ಸುಮಾರು 1873ರದ್ದು. ಅದರಲ್ಲಿ ಮೊದಲು ಹೇಳಿದ್ದು ಒಂಬತ್ತು ರಕಅತ್‌ಗಳ ಪ್ರಾರ್ಥನೆ. ಆಮೇಲೆ ಅದರ ಜಾಗಕ್ಕೆ ಈ ಮೂರು ಪ್ರಾರ್ಥನೆಗಳು ಬಂದವು. ಹಳೆಯ ಒಂಬತ್ತು ರಕಅತ್‌ನ ಪ್ರಾರ್ಥನೆ ಈಗ ಬಳಕೆಯಲ್ಲಿಲ್ಲ. ಈ ಸಂಗತಿ ಯಾಕೆ ಹೇಳಿದೆ ಅಂದರೆ, ಚಿಕ್ಕ ಪ್ರಾರ್ಥನೆ ಅನ್ನುವುದು ದೊಡ್ಡದರ ತುಂಡಲ್ಲ. ಪುರುಸೊತ್ತಿಲ್ಲದವರಿಗೆ ಅಂತ ಯಾರೋ ಆಮೇಲೆ ಕತ್ತರಿಸಿ ಕೊಟ್ಟದ್ದೂ ಅಲ್ಲ. ಅದು ತಾನೇ ಒಂದು ಪೂರ್ತಿ ಪ್ರಾರ್ಥನೆ. ಅದನ್ನೇ ಬದುಕಿಡೀ ಹೇಳಿದವರಿಗೆ ಏನೂ ಕಡಿಮೆ ಬೀಳುವುದಿಲ್ಲ.

ಈಗ ಸಿದ್ಧತೆಗೆ ಬರೋಣ. ಮೊದಲ ಕೆಲಸ ಕೈ ತೊಳೆಯುವುದು, ಆಮೇಲೆ ಮುಖ ತೊಳೆಯುವುದು. ಅಷ್ಟೇ. ಕಾಲು ತೊಳೆಯಬೇಕು, ಬಾಯಿ ಮುಕ್ಕಳಿಸಬೇಕು, ಮೂರು ಸಲ ನೀರು ಹಾಕಬೇಕು ಅನ್ನುವುದೆಲ್ಲ ಇದರಲ್ಲಿಲ್ಲ. ನಡುವಿನ ಪ್ರಾರ್ಥನೆಗಾದರೆ ಕೈ ತೊಳೆಯುವಾಗ ಒಂದು ಮಾತು, ಮುಖ ತೊಳೆಯುವಾಗ ಒಂದು ಮಾತು ಹೇಳಬೇಕು. ಚಿಕ್ಕದಕ್ಕೆ ಅದೂ ಇಲ್ಲ, ಸುಮ್ನೆ ತೊಳೆದುಕೊಂಡರೆ ಸಾಕು. ಇಷ್ಟೇ ನೀರು ಬೇಕು ಅನ್ನುವ ಲೆಕ್ಕವೂ ಇಲ್ಲ. ಒಂದು ತಂಬಿಗೆಯಲ್ಲಿ ಮುಗಿಯುತ್ತದೆ.

ಇಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಈಗರೆ ಜಳಕ ಮಾಡಿ ಬಂದೀನ್ರೀ, ಮತ್ತ್ಯಾಕ ಕೈ ಮುಖ ತೊಳೀಬೇಕು?" ಇದೇ ಪ್ರಶ್ನೆಯನ್ನು ಬಹಾವುಲ್ಲಾ ಅವರಿಗೂ ಕೇಳಿದ್ದರು. ಸ್ನಾನ ಮಾಡಿದ್ದರೂ ತೊಳೆಯುವ ನಿಯಮ ಪಾಲಿಸಬೇಕು ಅಂತ ಉತ್ತರ ಬಂತು. ಬೆಳಿಗ್ಗೆಯ ಪ್ರಾರ್ಥನೆಗೆ ತೊಳೆದದ್ದು ಮಧ್ಯಾಹ್ನಕ್ಕೂ ನಡೆಯುತ್ತದಾ ಅಂತ ಇನ್ನೊಂದು ಪ್ರಶ್ನೆ. ಅದಕ್ಕೂ ಇಲ್ಲ ಅಂತಲೇ ಉತ್ತರ. ತೊಳೆಯುವುದು ಆಯಾ ಪ್ರಾರ್ಥನೆಗೆ ಸೇರಿದ್ದು, ಪ್ರತಿ ಸಲ ಹೊಸದಾಗಿ ಆಗಬೇಕು. ಅಂದರೆ ಇದು ಕೊಳೆ ತೆಗೆಯುವ ವಿಚಾರ ಅಲ್ಲ. ಕೊಳೆಯೇ ವಿಷಯ ಆಗಿದ್ದರೆ ಸ್ನಾನ ಮಾಡಿದವರಿಗೆ ಬಿಟ್ಟುಬಿಡಬಹುದಿತ್ತು. ಪ್ರಾರ್ಥನೆ ನಲ್ಲಿಯ ಹತ್ತಿರವೇ ಶುರುವಾಗಿಬಿಟ್ಟಿರುತ್ತದೆ ಅಂತ ನಾನು ತಿಳಿದಿದ್ದೇನೆ. ಊಟದ ಎಂಜಲು ತೊಳೆದ ಕೈಯಲ್ಲೇ ಹೋಗಿ ನಿಂತವರು ಆ ಶುರುವನ್ನು ಬಿಟ್ಟಿರುತ್ತಾರೆ.

ಆದರೆ ಒಂದು ಸಡಿಲ ಇದೆ. ಬಹಾಯಿಗಳು ದಿನಾ 95 ಸಲ "ಅಲ್ಲಾಹು ಅಬ್ಹಾ", ಅಂದರೆ ದೇವರು ಪರಮ ತೇಜಸ್ವಿ, ಅಂತ ಹೇಳಬೇಕು. ಅದಕ್ಕೂ ಕೈ ಮುಖ ತೊಳೆಯಬೇಕು. ಕಡ್ಡಾಯ ಪ್ರಾರ್ಥನೆ ಮುಗಿದ ಕೂಡಲೇ ಅಲ್ಲೇ ಕೂತು ಅದನ್ನು ಹೇಳಿದರೆ ಮತ್ತೆ ತೊಳೆಯುವುದು ಬೇಡ. ತುಂಬಾ ಜನ ಎರಡನ್ನೂ ಜೋಡಿಸಿಕೊಂಡು ಮಾಡುವುದು ಇದಕ್ಕೇ.

ನೀರೇ ಸಿಗದಿದ್ದರೆ? ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಯಾರೂ ತಮಾಷೆಗೆ ಕೇಳುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಟ್ಯಾಂಕರ್ ಬರುವವರೆಗೆ ಕೊಡ ಖಾಲಿ ಇರುವ ಊರುಗಳು ನಿಮಗೆಲ್ಲ ಗೊತ್ತು. ಆಗ "ದೇವರ ಹೆಸರಿನಲ್ಲಿ, ಅತ್ಯಂತ ಪರಿಶುದ್ಧ, ಅತ್ಯಂತ ಪರಿಶುದ್ಧ" ಎಂಬ ಅರ್ಥದ ಸಾಲನ್ನು ಐದು ಸಲ ಹೇಳಿ ಪ್ರಾರ್ಥನೆಗೆ ನಿಲ್ಲಬೇಕು. ಕೈಗೋ ಮುಖಕ್ಕೋ ಗಾಯವಾಗಿ ನೀರು ತಗಲಿದರೆ ಕೆಡುಕಾಗುತ್ತದೆ ಅನ್ನುವವರಿಗೂ ಇದೇ. ಮಣ್ಣು ಮುಟ್ಟಿ ಮುಖಕ್ಕೆ ಸವರಿಕೊಳ್ಳುವ ಪದ್ಧತಿ ಇದರಲ್ಲಿಲ್ಲ.

ಮೈಮೇಲಿನ ಬಟ್ಟೆಯ ಬಗ್ಗೆಯೂ ಕೇಳುತ್ತಾರೆ, ಅದನ್ನು ಬೇಗ ಮುಗಿಸುತ್ತೇನೆ. ಬಿಳಿ ಬಟ್ಟೆ, ಮಡಿ ಬಟ್ಟೆ ಅಂತೇನಿಲ್ಲ. ಕೂದಲು, ಎಲುಬು ಇಂಥವು ಮೈಮೇಲಿದ್ದರೆ ಪ್ರಾರ್ಥನೆ ಕೆಡುವುದಿಲ್ಲ ಅಂತ ಅಕ್ದಸ್ ನೇರವಾಗಿ ಹೇಳುತ್ತದೆ. ಕೆಲಸದ ಬಟ್ಟೆಯಲ್ಲೇ ನಿಲ್ಲಬಹುದು.

ಇನ್ನು ಹೊತ್ತಿನ ವಿಚಾರ. ಮಧ್ಯಾಹ್ನ ಅಂದರೆ ಇಲ್ಲಿ ಸೂರ್ಯ ನೆತ್ತಿ ದಾಟಿದ ಗಳಿಗೆಯಿಂದ ಮುಳುಗುವವರೆಗಿನ ಹೊತ್ತು. ಗಡಿಯಾರದ ಹನ್ನೆರಡಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ಕಲಬುರಗಿ ಇರುವುದು ಹತ್ತಿರಹತ್ತಿರ 76.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ, ನಮ್ಮೂರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ತಡ. ಅದರ ಮೇಲೆ ವರ್ಷದುದ್ದಕ್ಕೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ನವೆಂಬರ್ ಮೊದಲ ವಾರದಲ್ಲಿ 12.06ಕ್ಕೆ ನೆತ್ತಿಗೆ ಬರುವ ಸೂರ್ಯ ಫೆಬ್ರವರಿ ನಡುವಿನಲ್ಲಿ 12.37 ಮಾಡುತ್ತಾನೆ. ಇದನ್ನೆಲ್ಲ ಬಾಯಿಪಾಠ ಮಾಡಬೇಡಿ. ಮಧ್ಯಾಹ್ನ 12.40 ಆದ ಮೇಲೆ ನಿಂತರೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲೇ ಇದ್ದರೂ, ವರ್ಷದ ಯಾವ ದಿನವಾದರೂ ಹೊತ್ತು ಸರಿಯೇ. ಅನುಮಾನ ಬಂದರೆ ಮಸೀದಿಯ ಗೋಡೆಯ ಮೇಲಿನ ನಮಾಜಿನ ವೇಳಾಪಟ್ಟಿ ನೋಡಿ. ಜೋಹರ್ ಹೊತ್ತು ಶುರುವಾಗುವುದೂ ಸೂರ್ಯ ನೆತ್ತಿಯಿಂದ ಸರಿದ ಮೇಲೇ.

ನೆರಳಿನಿಂದಲೂ ತಿಳಿಯಬಹುದು, ಕೋಲು ನೆಟ್ಟು ನೆರಳು ಅತಿ ಗಿಡ್ಡ ಆದಾಗ ಮಧ್ಯಾಹ್ನ. ಆದರೆ ನಮ್ಮಲ್ಲಿ ಇದರದ್ದೊಂದು ಮಜಾ ಇದೆ. ಮೇ ಎರಡನೇ ವಾರದ ಆಸುಪಾಸಿನಲ್ಲಿ ಕಲಬುರಗಿಯ ಮೇಲೆ ಸೂರ್ಯ ನೆಟ್ಟಗೆ ನೆತ್ತಿಗೇ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಆಮೇಲೆ ಆಗಸ್ಟ್ ಶುರುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿ, ಖುಷಿಪಡುತ್ತಾರೆ.

ಶುರುವಿನ ಗೆರೆಗಿಂತ ಜನರಿಗೆ ತೊಂದರೆ ಕೊಡುವುದು ಕೊನೆಯ ಗೆರೆ. ಸಂಜೆ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ಏಳು ಗಂಟೆ ಹತ್ತಿರ. ನವೆಂಬರ್ ಕೊನೆಗೆ ಬಂದರೆ 5.45ಕ್ಕೇ ಮುಳುಗಿಬಿಡುತ್ತಾನೆ. ಒಂದು ಗಂಟೆಗೂ ಮೇಲಿನ ವ್ಯತ್ಯಾಸ. ಇದು ಹೇಗೆ ಪೆಟ್ಟು ಕೊಡುತ್ತದೆ ಅಂತ ಒಬ್ಬರ ದಿನವನ್ನೇ ಹಿಡಿದು ಹೇಳುತ್ತೇನೆ.

ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ ಅಂತ ಇಟ್ಟುಕೊಳ್ಳಿ. ನಮ್ಮ ತೊಗರಿ ನಾಡಿನಲ್ಲಿ ಅಂಥವರು ಓಣಿಗೊಬ್ಬರು ಸಿಗುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬಿಡುಗಡೆ. ಬೇಸಿಗೆಯಲ್ಲಿ ಅವರು "ಮನಿಗೆ ಹೋಗಿ ಸಮಾಧಾನದಿಂದ ಮಾಡ್ತೀನಿ" ಅಂತ ಪ್ರಾರ್ಥನೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ. ಆರೂವರೆಗೆ ಮನೆ ಮುಟ್ಟಿ, ಕೈ ಮುಖ ತೊಳೆದು ನಿಂತರೆ ಇನ್ನೂ ಬಿಸಿಲಿನ ಕೆಂಪು ಇರುತ್ತದೆ. ಏಪ್ರಿಲ್‌ನಲ್ಲಿ ಕಷ್ಟಪಟ್ಟು, ಜೂನ್‌ನಲ್ಲಿ ಸುಲಭವಾಗಿ ಹೊತ್ತು ಸಿಗುತ್ತದೆ. ಅದೇ ರೂಢಿ ಬೆಳೆಯುತ್ತದೆ. ದಸರೆ ಕಳೆದ ಮೇಲೆ ಯಾರೂ ಅವರಿಗೆ ಹೇಳದೆಯೇ ಲೆಕ್ಕ ತಪ್ಪುತ್ತದೆ. ದೀಪಾವಳಿ ಹೊತ್ತಿಗೆ ಮಿಲ್ಲಿನ ಗೇಟು ದಾಟುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಅವರು ಮಾತ್ರ ಎಂದಿನಂತೆ ಆರೂವರೆಗೆ ನಿಲ್ಲುತ್ತಾರೆ. ಮಾತು ಅದೇ, ತೊಳೆದದ್ದೂ ಸರಿ, ಆದರೆ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಹೋಗಿಯೇ ಬಿಟ್ಟಿದೆ. ತಪ್ಪು ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ? ಬಹಳ ಸುಲಭ. ಪ್ರಾರ್ಥನೆಗೆ ಲೈಟು ಹಾಕಬೇಕಾಯಿತು ಅಂದರೆ ಹೊರಗೆ ಹೋಗಿ ಒಮ್ಮೆ ಆಕಾಶ ನೋಡಿ.

ಇದಕ್ಕೆ ದಾರಿ ಮಿಲ್ಲಿನಲ್ಲೇ ಇದೆ. ಒಂದೂವರೆಗೆ ಊಟಕ್ಕೆ ಬಿಡುತ್ತಾರೆ. ಹಿಂದೆ ನಲ್ಲಿ ಇದೆ. ಬುತ್ತಿ ಬಿಚ್ಚುವ ಮೊದಲು ಕೈ, ಆಮೇಲೆ ಮುಖ ತೊಳೆಯುತ್ತಾರೆ. ಕೈಗೆ ಹತ್ತಿದ ಬೇಳೆಯ ಹಳದಿ ಧೂಳೂ ಹೋಗುತ್ತದೆ. ಸೆರಗಿನಿಂದ ಒರೆಸಿಕೊಂಡು, ಚೀಲ ಒಟ್ಟಿದ ಗೋಡೆಯ ಪಕ್ಕ ನಿಲ್ಲುತ್ತಾರೆ. ಮೂರು ವಾಕ್ಯ ಹೇಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಮಾತು ಕೇಳಲೇಬೇಕು ಅಂತಿಲ್ಲ. ಒಟ್ಟು ಎರಡು ಮೂರು ನಿಮಿಷ, ಅದರಲ್ಲಿ ಜಾಸ್ತಿ ಹೋದದ್ದು ನಲ್ಲಿಯ ಹತ್ತಿರ. ಲಾರಿ ಬಂದು ಲೋಡಿಂಗ್ ಶುರುವಾಗಿ ಊಟವೇ ನಾಲ್ಕು ಗಂಟೆಗೆ ಹೋಯಿತು ಅಂದುಕೊಳ್ಳಿ. ಆಗಲೂ ಗಾಬರಿ ಬೇಡ, ನಾಲ್ಕು ಗಂಟೆ ಇನ್ನೂ ಹೊತ್ತಿನೊಳಗೇ ಇದೆ. ಹೊತ್ತು ಪೂರ್ತಿ ತಪ್ಪಿಹೋದ ದಿನ ರಾತ್ರಿ ದೊಡ್ಡ ಪ್ರಾರ್ಥನೆ ಹೇಳಬಹುದು. ಅದಕ್ಕೆ ಗಂಟೆಯ ಕಟ್ಟು ಇಲ್ಲ.

ಪ್ರಯಾಣದಲ್ಲಿ ಇರುವವರು ಇದನ್ನೇ ಬೇರೆ ರೀತಿ ಕೇಳುತ್ತಾರೆ. ಹನ್ನೆರಡಕ್ಕೆ ಕಲಬುರಗಿಯಲ್ಲಿ ಬಸ್ಸು ಹತ್ತಿದೆ, ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಮುಟ್ಟುವವರೆಗೆ ಏನು ಮಾಡಲಿ? ಏನೂ ಮಾಡಬೇಡಿ, ಕಿಟಕಿ ಹೊರಗೆ ನೋಡುತ್ತಾ ಕೂಡಿ. ಸೀಟಿನಲ್ಲಿ ಕೂತು ಒದ್ದಾಡುವುದಕ್ಕಿಂತ ಇಳಿದ ಮೇಲೆ ಮಾಡುವುದು ಮೇಲು. ಮೂರೂವರೆಗೆ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಚಳಿಗಾಲದಲ್ಲಿ ಕೂಡ ಎರಡು ಗಂಟೆ ಉಳಿದಿರುತ್ತದೆ.

ಈಗ ದಿಕ್ಕು. ಕಡ್ಡಾಯ ಪ್ರಾರ್ಥನೆಯಲ್ಲಿ ಕಿಬ್ಲಾ ಕಡೆ ಮುಖ ಮಾಡಬೇಕು. ಬೇರೆ ಪ್ರಾರ್ಥನೆಗಳಿಗೆ ಈ ನಿಯಮ ಇಲ್ಲ. ಬಹಾಯಿಗಳ ಕಿಬ್ಲಾ ಬಹ್ಜಿ. ಅಕ್ಕಾ ಪಟ್ಟಣದ ಹೊರಗೆ ಇರುವ ಜಾಗ ಅದು, ಈಗಿನ ಇಸ್ರೇಲ್‌ನಲ್ಲಿದೆ. ಬಹಾವುಲ್ಲಾ 1892ರ ಮೇ 29ರಂದು ಅಲ್ಲಿ ತೀರಿಕೊಂಡರು, ಅವರ ಸಮಾಧಿ ಅಲ್ಲೇ ಇದೆ. ನಮ್ಮಲ್ಲಿ ಕಿಬ್ಲಾ ಅಂದರೆ ಪಶ್ಚಿಮ ಅನ್ನುವುದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಬಹಾಯಿ ಮನೆಗಳಲ್ಲೂ ಹೊಸಬರು ಪಶ್ಚಿಮದ ಗೋಡೆಗೆ ನೆಟ್ಟಗೆ ಮುಖ ಮಾಡಿ ನಿಲ್ಲುತ್ತಾರೆ. ಅದು ಸರಿಯಲ್ಲ, ಸಾಕಷ್ಟು ಅಂತರ ಇದೆ.

ಲೆಕ್ಕ ಹೀಗಿದೆ. ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಕಲಬುರಗಿಯಿಂದ ಮೆಕ್ಕಾ ಸುಮಾರು 283 ಡಿಗ್ರಿಯಲ್ಲಿದೆ. ಬಹ್ಜಿ ಸುಮಾರು 301. ಬೀದರ್‌ನಿಂದಲೂ ಯಾದಗಿರಿಯಿಂದಲೂ ನೋಡಿದರೆ ಒಂದು ಡಿಗ್ರಿ ಆಚೀಚೆ ಅಷ್ಟೇ, 300 ಅಂತ ಇಟ್ಟುಕೊಂಡರೆ ಮೂರು ಜಿಲ್ಲೆಗೂ ನಡೆಯುತ್ತದೆ. ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಬಲಕ್ಕೆ 30 ಡಿಗ್ರಿ ತಿರುಗಬೇಕು. ಮೊಬೈಲಿನ ದಿಕ್ಸೂಚಿ ಇದ್ದರೆ 300 ಬರುವಂತೆ ತಿರುಗಿ ನಿಂತರಾಯಿತು. ಇಲ್ಲದಿದ್ದರೆ ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿ. ಚಾಚಿದ ಮುಷ್ಟಿಯ ಅಗಲ ಹೆಚ್ಚೂಕಡಿಮೆ ಹತ್ತು ಡಿಗ್ರಿ. ಪಶ್ಚಿಮದಿಂದ ಬಲಕ್ಕೆ ಮೂರು ಮುಷ್ಟಿ. ಒಮ್ಮೆ ನಿಮ್ಮ ಮನೆಯಲ್ಲಿ ಅಳೆದು, ಆ ದಿಕ್ಕಿಗೆ ಯಾವ ಕಿಟಕಿ, ಯಾವ ಕಪಾಟು ಬರುತ್ತದೆ ಅಂತ ಗುರುತಿಟ್ಟುಕೊಂಡರೆ ಮುಂದೆ ಅಳೆಯುವ ಕೆಲಸ ಇಲ್ಲ.

ಸೂರ್ಯ ಮುಳುಗುವ ಕಡೆಯನ್ನು ಗುರುತಾಗಿ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಜೂನ್ ಕೊನೆಯಲ್ಲಿ ಸೂರ್ಯ ನಮ್ಮಲ್ಲಿ ಪಶ್ಚಿಮದಿಂದ 25 ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಮುಳುಗುತ್ತಾನೆ. ಆಗ ಮುಳುಗುವ ಸೂರ್ಯನ ಕಡೆ ನಿಂತರೆ ಬಹ್ಜಿಯ ದಿಕ್ಕು ಹೆಚ್ಚೂಕಡಿಮೆ ಸಿಕ್ಕ ಹಾಗೆಯೇ, ಇನ್ನೊಂಚೂರು ಬಲಕ್ಕೆ ಅಷ್ಟೇ. ಆದರೆ ಡಿಸೆಂಬರ್‌ನಲ್ಲಿ ಅದೇ ಸೂರ್ಯ 25 ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಆಗ ಅವನನ್ನು ನಂಬಿ ನಿಂತರೆ 55 ಡಿಗ್ರಿ ತಪ್ಪು. ಆಫ್ರಿಕಾ ಕಡೆ ಮುಖ ಮಾಡಿ ನಿಂತ ಹಾಗೆ ಆಗುತ್ತದೆ.

ಇಷ್ಟೆಲ್ಲ ಹೇಳಿ ಇನ್ನೊಂದು ಮಾತನ್ನೂ ಹೇಳಬೇಕು. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಆಯಿತು ಅಂತ ಯಾರೂ ಚಿಂತೆ ಮಾಡುವುದಿಲ್ಲ, ಮಾಡಬಾರದು ಕೂಡ. ದೇವರು ಒಂದು ದಿಕ್ಕಿನಲ್ಲಿ ಕೂತಿದ್ದಾನೆ ಅಂತ ಬಹಾಯಿಗಳು ನಂಬುವುದಿಲ್ಲ. ಗಿಡ ಬಿಸಿಲಿನ ಕಡೆ ಚಾಚುವ ಹಾಗೆ ಮನಸ್ಸು ಒಂದು ಕಡೆ ತಿರುಗಬೇಕು, ದೇಹ ತಿರುಗುವುದು ಅದರ ಹೊರಗಿನ ಗುರುತು ಅಂತ ಶೋಘಿ ಎಫೆಂದಿ ವಿವರಿಸಿದ್ದಾರೆ. ಬಹಾವುಲ್ಲಾ ಅವರ ಮರಿಮೊಮ್ಮಗ ಅವರು, 1921ರಿಂದ 1957ರವರೆಗೆ ಈ ಧರ್ಮದ ರಕ್ಷಕರಾಗಿದ್ದರು.

ನಿಲ್ಲುವ ರೀತಿಗೆ ಬರುತ್ತೇನೆ. ಚಿಕ್ಕ ಪ್ರಾರ್ಥನೆಯನ್ನು ನಿಂತು, ವಿನಯದಿಂದ ಹೇಳುವುದು ಉಚಿತ ಅಂತ ಬಹಾವುಲ್ಲಾ ಹೇಳಿದ್ದಾರೆ. ಅಷ್ಟೇ ಇರುವುದು. ಬಗ್ಗುವುದು, ಮಂಡಿಯೂರುವುದು, ಹಣೆ ನೆಲಕ್ಕೆ ಹಚ್ಚುವುದು, ಕೈ ಎತ್ತುವುದು ಯಾವುದೂ ಇದರಲ್ಲಿಲ್ಲ. ಅವು ದೊಡ್ಡ ಮತ್ತು ನಡುವಿನ ಪ್ರಾರ್ಥನೆಗಳಿಗೆ ಸೇರಿದ್ದು. ಹೊಸಬರು ಕೈ ಏನು ಮಾಡಲಿ ಅಂತ ಪದೇಪದೇ ಕೇಳುತ್ತಾರೆ. ಮುಗಿಯಬೇಕಾ, ಕಟ್ಟಬೇಕಾ, ಬಿಡಬೇಕಾ? ನಿಯಮ ಏನೂ ಹೇಳುವುದಿಲ್ಲ. ವಿನಯಕ್ಕೆ ನಿಮ್ಮ ಮೈ ಹೇಗೆ ಒಗ್ಗುತ್ತದೋ ಹಾಗೆ. ಚಿಕ್ಕಂದಿನಿಂದ ಕೈಮುಗಿದು ಬೆಳೆದವರ ಕೈ ತಾನಾಗಿಯೇ ಜೋಡಿಸಿಕೊಳ್ಳುತ್ತದೆ, ಅದರಲ್ಲಿ ತಪ್ಪಿಲ್ಲ. ಎಲ್ಲರೂ ಹೀಗೇ ಮಾಡಬೇಕು ಅಂತ ಇನ್ನೊಬ್ಬರಿಗೆ ಕಲಿಸಲು ಹೊರಟಾಗ ಮಾತ್ರ ತಪ್ಪಾಗುತ್ತದೆ. ಇಲ್ಲದ ನಿಯಮವನ್ನು ಸೇರಿಸಿದ ಹಾಗೆ ಆಗುತ್ತದೆ.

ಸೇರಿಸುವುದು ಅಂದಾಗ ನೆನಪಾಯಿತು. ಈ ಪ್ರಾರ್ಥನೆಯ ಮಾತುಗಳನ್ನು ಇದ್ದ ಹಾಗೆಯೇ ಹೇಳಬೇಕು. ನಡುವೆ "ನನ್ನ ಮಗನಿಗೆ ನೌಕರಿ ಕೊಡು" ಅಂತ ಒಂದು ಸಾಲು ತೂರಿಸುವಂತಿಲ್ಲ. ಅಂಥದ್ದು ಕೇಳಬೇಕಿದ್ದರೆ ಮುಗಿದ ಮೇಲೆ ಬೇರೆ ಪ್ರಾರ್ಥನೆಯಲ್ಲಿ ಬೇಕಾದಷ್ಟು ಕೇಳಿ. ಹಾಗೆಯೇ, ಇದನ್ನು ಗುಂಪಿನಲ್ಲಿ ಒಬ್ಬರು ಮುಂದೆ ನಿಂತು ಉಳಿದವರು ಹಿಂಬಾಲಿಸುವ ಹಾಗೆ ಹೇಳುವುದಿಲ್ಲ. ಬಹಾಯಿಗಳಲ್ಲಿ ನಿಯಮವಾಗಿ ಇಟ್ಟ ಸಾಮೂಹಿಕ ಪ್ರಾರ್ಥನೆ ಇರುವುದು ಒಂದೇ, ಸತ್ತವರಿಗಾಗಿ ಮಾಡುವುದು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಇಬ್ಬರೂ ತಮ್ಮ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಈಗ ಆ ಮೂರು ವಾಕ್ಯಗಳಲ್ಲಿ ಏನಿದೆ ನೋಡೋಣ. ನಾನು ಹೇಳುವುದು ಭಾವ ಮಾತ್ರ. ಪ್ರಾರ್ಥನೆ ಮಾಡುವವರು ಅಚ್ಚಾದ ಪಾಠವನ್ನೇ ಹೇಳಬೇಕು. ಮೊದಲ ವಾಕ್ಯದಲ್ಲಿ, ನಿನ್ನನ್ನು ಅರಿಯುವುದಕ್ಕೂ ಆರಾಧಿಸುವುದಕ್ಕೂ ನೀನು ನನ್ನನ್ನು ಸೃಷ್ಟಿಸಿದೆ, ಇದಕ್ಕೆ ನಾನು ಸಾಕ್ಷಿ ಅಂತ ದೇವರಿಗೆ ಹೇಳುತ್ತೇವೆ. ಎರಡನೆಯದರಲ್ಲಿ, ಈ ಗಳಿಗೆಯಲ್ಲಿ ನನ್ನ ಕೈಲಾಗದತನಕ್ಕೂ ನಿನ್ನ ಬಲಕ್ಕೂ, ನನ್ನ ಬಡತನಕ್ಕೂ ನಿನ್ನ ಸಿರಿಗೂ ಸಾಕ್ಷಿ ಹೇಳುತ್ತೇನೆ ಅಂತ. ಮೂರನೆಯದು, ನಿನ್ನ ಹೊರತು ಬೇರೆ ದೇವರಿಲ್ಲ, ಆಪತ್ತಿನಲ್ಲಿ ಕಾಯುವವನು ನೀನು, ಯಾರ ಆಸರೆಯೂ ಇಲ್ಲದೆ ತಾನೇ ತಾನಾಗಿ ಇರುವವನು ನೀನು ಅಂತ.

ಇದರಲ್ಲಿ ಏನಿಲ್ಲ ಅನ್ನುವುದನ್ನು ಗಮನಿಸಿದಿರಾ? ಬೇಡಿಕೆಯೇ ಇಲ್ಲ. ಕೊಡು ಅಂತಿಲ್ಲ, ಕ್ಷಮಿಸು ಅಂತಿಲ್ಲ, ಕಾಪಾಡು ಅಂತಲೂ ಇಲ್ಲ. ಕಾಯುವವನು ನೀನು ಅಂತ ಹೇಳಿ ನಿಲ್ಲುತ್ತದೆ, ಕಾಯಿ ಅಂತ ಕೇಳುವುದಿಲ್ಲ. ಬಹಾಯಿಗಳ ಬೇರೆ ಪ್ರಾರ್ಥನೆಗಳ ತುಂಬ ಬೇಡಿಕೆ ಇದೆ, ಕೇಳುವುದು ತಪ್ಪು ಅಂತಲ್ಲ. ಆದರೆ ದಿನಕ್ಕೊಮ್ಮೆ ಕಡ್ಡಾಯ ಅಂತ ಇಟ್ಟ ಈ ಮಾತಿನಲ್ಲಿ ಮಾತ್ರ ಬರೀ ಸಾಕ್ಷಿ. ನಮ್ಮಲ್ಲಿ ಹರಕೆ ಹೊರುವುದು ಉಸಿರಾಡಿದಷ್ಟು ಸಹಜ. ಶರಣಬಸವೇಶ್ವರ ಗುಡಿಯಲ್ಲೂ ಹರಕೆ ಹೊರುತ್ತೇವೆ, ಬಂದೇನವಾಜ್ ದರ್ಗಾದಲ್ಲೂ ಹೊರುತ್ತೇವೆ. ಹಾಗೆ ಬೆಳೆದವರು ಈ ಪ್ರಾರ್ಥನೆ ಮೊದಲ ಸಲ ಹೇಳಿ, "ಮುಗೀತಾ? ಏನೂ ಕೇಳಲೇ ಇಲ್ಲಲ್ರೀ" ಅನ್ನುವುದು ಸಹಜವೇ.

ಬಡತನ, ಸಿರಿ ಅನ್ನುವ ಮಾತನ್ನು ಹಣದ ಲೆಕ್ಕದಲ್ಲಿ ಓದಿದರೆ ತೊಡಕಾಗುತ್ತದೆ. ತೊಗರಿಯ ದೊಡ್ಡ ವ್ಯಾಪಾರಿ "ನನ್ನ ಬಡತನ" ಅಂದರೆ ನಗು ಬರಬಹುದು. ಆ ಮಿಲ್ಲಿನ ಅಕ್ಕ "ನನ್ನ ಬಡತನ" ಅಂದರೆ ಗೊತ್ತಿರುವುದನ್ನೇ ಮತ್ತೆ ಯಾಕೆ ಹೇಳಿಸುತ್ತೀರಿ ಅನ್ನಬಹುದು. ಇಬ್ಬರಿಗೂ ಒಂದೇ ಮಾತು ಕೊಟ್ಟಿದೆ. ಇಲ್ಲಿ ಎರಡು ಪಾಲು ಇರುವುದು ಮನುಷ್ಯ ಮತ್ತು ದೇವರು, ಶ್ರೀಮಂತ ಮತ್ತು ಬಡವ ಅಲ್ಲ. ಇದನ್ನು ಬರೆದವರು ಎರಡನ್ನೂ ಕಂಡವರು ಅನ್ನುವುದನ್ನೂ ನೆನಪಿಡಿ. ಬಹಾವುಲ್ಲಾ 1817ರಲ್ಲಿ ತೆಹರಾನಿನ ಸಿರಿವಂತ ಮನೆತನದಲ್ಲಿ ಹುಟ್ಟಿದವರು. 1852ರಲ್ಲಿ ಅದೇ ಊರಿನ ನೆಲಮಾಳಿಗೆಯ ಸೆರೆಮನೆಯಲ್ಲಿ ಕೊರಳಿಗೆ ಸರಪಳಿ ಬಿತ್ತು, ಆಸ್ತಿ ಹೋಯಿತು, ದೇಶ ಬಿಡಿಸಿದರು. ಊರಿಂದ ಊರಿಗೆ ಅಟ್ಟಿಸಿಕೊಂಡು ಕೊನೆಗೆ 1868ರಲ್ಲಿ ಕೈದಿಯಾಗಿ ಅಕ್ಕಾಕ್ಕೆ ಬಂದರು.

"ಈ ಗಳಿಗೆಯಲ್ಲಿ" ಅನ್ನುವುದು ನನಗೆ ಬಹಳ ಹಿಡಿಸಿದ ಮಾತು. ಕೆಲಸದ ನಡುವೆ, ಕೈ ಚುರುಕಾಗಿ ಓಡುತ್ತಿರುವಾಗ, ಎಲ್ಲ ನನ್ನಿಂದಲೇ ನಡೆಯುತ್ತಿದೆ ಅನ್ನಿಸುವ ಹೊತ್ತು ಮಧ್ಯಾಹ್ನ. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ ನನ್ನ ಕೈಲಾಗದು ಅಂತ ಹೇಳುವುದು ಸುಲಭ. ಹಗಲು ಒಂದೂವರೆಗೆ ಹೇಳುವುದು ಬೇರೆ. ಇದು ನನ್ನ ಓದು, ನಿಯಮ ಅಲ್ಲ.

ಇಲ್ಲಿ ಯಾರಾದರೂ ಕಾಯಕದ ಮಾತು ಎತ್ತಿಯೇ ಎತ್ತುತ್ತಾರೆ, ಕಲ್ಯಾಣದ ಪಕ್ಕದಲ್ಲೇ ಇದ್ದೇವಲ್ಲ. ಸೇವೆಯ ಭಾವದಿಂದ ಮಾಡಿದ ದುಡಿಮೆ ಆರಾಧನೆಗೆ ಸಮ ಅಂತ ಬಹಾವುಲ್ಲಾ ಕೂಡ ಹೇಳಿದ್ದಾರೆ. ಹಾಗಾದರೆ ಈ ಮೂರು ಸಾಲು ಬೇರೆ ಯಾಕೆ ಬೇಕು? ಅಕ್ದಸ್ ಎರಡನ್ನೂ ಹೇಳುತ್ತದೆ, ಒಂದು ಮಾಡಿದರೆ ಇನ್ನೊಂದು ಬಿಡಬಹುದು ಅಂತ ಹೇಳುವುದಿಲ್ಲ. ದುಡಿಮೆ ಯಾರ ಮುಂದೆ ನಡೆಯುತ್ತಿದೆ ಅನ್ನುವುದು ದುಡಿಯುತ್ತಾ ದುಡಿಯುತ್ತಾ ಮರೆತೇ ಹೋಗುತ್ತದೆ, ಅಲ್ವಾ?

ಕೊನೆಯದಾಗಿ ವಿನಾಯಿತಿಗಳ ವಿಷಯ. ಇದರಲ್ಲಿ ಗೊಂದಲ ಜಾಸ್ತಿ. ಎಪ್ಪತ್ತು ದಾಟಿದವರಿಗೆ ಕಡ್ಡಾಯ ಇಲ್ಲ. ಕಾಯಿಲೆ ಬಿದ್ದವರಿಗೂ ಇಲ್ಲ. ಕಾಯಿಲೆಯ ಬಗ್ಗೆ ಬಹಾವುಲ್ಲಾ ಅವರ ಮಾತು ಇನ್ನೂ ಗಟ್ಟಿ. ಪ್ರಾರ್ಥನೆ, ಉಪವಾಸಗಳ ಸ್ಥಾನ ದೊಡ್ಡದು, ಆದರೆ ಅವುಗಳ ಫಲ ಆರೋಗ್ಯ ಇರುವಾಗಲೇ, ಕಾಯಿಲೆಯಲ್ಲಿ ಈ ಕಟ್ಟಳೆಗಳನ್ನು ಪಾಲಿಸುವುದು ಸರಿಯಲ್ಲ ಅಂದಿದ್ದಾರೆ. ಡ್ರಿಪ್ ಹಾಕಿಸಿಕೊಂಡು ಮಲಗಿದ ಕಾಕಾ ಮಂಚದಿಂದ ಇಳಿದು ಗೋಡೆ ಹಿಡಿದು ನಿಲ್ಲಲು ಹೋದರೆ ಮನೆಯವರು ತಡೆಯಬೇಕು. "ಕಾಕಾ, ನಿಮಗ ಈಗ ಇದರಿಂದ ಬಿಡುಗಡಿ ಐತ್ರೀ, ಮಲಕೋರಿ" ಅಂತ ಹೇಳಿ. ಬೇಕೆನಿಸಿದರೆ ಹಾಸಿಗೆಯಲ್ಲೇ ಬೇರೆ ಯಾವ ಪ್ರಾರ್ಥನೆಯನ್ನಾದರೂ ಹೇಳಿಕೊಳ್ಳಲಿ.

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೂ ವಿನಾಯಿತಿ ಇದೆ. ಬದಲಿಗೆ ಕೈ ಮುಖ ತೊಳೆದು, ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದೊಳಗೆ, ತೇಜಸ್ಸಿನ ಮತ್ತು ಸೌಂದರ್ಯದ ಒಡೆಯನಾದ ದೇವರಿಗೆ ಮಹಿಮೆ ಎಂಬ ಅರ್ಥದ ಸಾಲನ್ನು 95 ಸಲ ಹೇಳಬೇಕು. ಇದನ್ನು ಕೇಳಿದ ಕೂಡಲೇ ನಮ್ಮ ಕಡೆಯ ಅಕ್ಕಂದಿರು "ಅಂದ್ರ ಇಲ್ಲೂ ಮೈಲಿಗೆ ಅದ ಅನ್ರೀ" ಅನ್ನುತ್ತಾರೆ. ಇಲ್ಲ. ಮೈಲಿಗೆ ಅನ್ನುವ ಕಲ್ಪನೆಯನ್ನೇ ಬಹಾವುಲ್ಲಾ ತೆಗೆದುಹಾಕಿದ್ದಾರೆ. ಮುಟ್ಟಾದವರು ಪ್ರಾರ್ಥನೆ ಮಾಡಬಾರದು ಅಂತ ನಿಯಮ ಹೇಳುವುದಿಲ್ಲ, ಮಾಡಲೇಬೇಕು ಅಂತಿಲ್ಲ ಅನ್ನುತ್ತದೆ. ವಿನಾಯಿತಿ ಬೇರೆ, ನಿಷೇಧ ಬೇರೆ ಅಂತ ಹೈಫಾದಲ್ಲಿರುವ ಬಹಾಯಿಗಳ ಅತ್ಯುನ್ನತ ಆಡಳಿತ ಮಂಡಳಿ, ವಿಶ್ವ ನ್ಯಾಯ ಮಂದಿರ, ಸ್ಪಷ್ಟಪಡಿಸಿದೆ. ವಿನಾಯಿತಿ ತಗೊಳ್ಳುವುದೋ ಬಿಡುವುದೋ ವಿವೇಕದಿಂದ ಆಕೆಯೇ ತೀರ್ಮಾನಿಸಬೇಕು. ಅತ್ತೆಯಾಗಲಿ ಗಂಡನಾಗಲಿ ಅಲ್ಲ.

ಈ ಮಾತು ಪ್ರಾರ್ಥನೆಗೆ ಒಟ್ಟಾರೆಯೇ ಅನ್ವಯಿಸುತ್ತದೆ. ಇವತ್ತು ಹೇಳಿದೆಯಾ, ಯಾಕೆ ಹೇಳಲಿಲ್ಲ ಅಂತ ಕೇಳುವ ಅಧಿಕಾರ ಬಹಾಯಿ ಸಮಾಜದಲ್ಲಿ ಯಾರಿಗೂ ಇಲ್ಲ. ಹಾಜರಿ ಪುಸ್ತಕ ಇಲ್ಲ, ದಂಡ ಇಲ್ಲ. ಮನೆಯಲ್ಲಿ ಹದಿನೈದು ತುಂಬಿದ ಮಗ ಇದ್ದರೆ ನಲ್ಲಿ ಎಲ್ಲಿದೆ, ಮೂರು ಮುಷ್ಟಿ ಎತ್ತ ತಿರುಗಬೇಕು, ನವೆಂಬರ್‌ನಲ್ಲಿ ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ ಅಂತ ತೋರಿಸಿಕೊಡಿ. ನಿಂತನೋ ಇಲ್ಲವೋ ಅಂತ ಬಾಗಿಲ ಸಂದಿಯಿಂದ ನೋಡಲು ಹೋಗಬೇಡಿ.